ಮೂರು ಗಂಟೆಗೆ ಶುರುವಾಗುವ ದಿನ

ನಮ್ಮ ಛತ್ರದಲ್ಲಿ ದಿನ ಶುರುವಾಗುವುದು ಬೆಳಿಗ್ಗೆಯಲ್ಲ, ಮಧ್ಯಾಹ್ನ ಮೂರು ಗಂಟೆಗೆ. ಯಲಹಂಕ ದಾಟಿ ರಾಜಾನುಕುಂಟೆಯ ಕಡೆ ಹೋಗುವ ದೊಡ್ಡಬಳ್ಳಾಪುರ ರಸ್ತೆಯ ಎಲ್ಲ ಛತ್ರಗಳಲ್ಲೂ ಇದೇ ಲೆಕ್ಕ. ಸೋಮವಾರ ಮುಹೂರ್ತ ಅಂದರೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಬೀಗದ ಕೈ ಕೊಡಬೇಕು. ಅವತ್ತು ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ, ಮಧ್ಯಾಹ್ನ ಊಟ, ಮೂರು ಗಂಟೆಗೆ ಖಾಲಿ. ಡೈರಿಯಲ್ಲಿ ಬರೆಯುವಾಗ ಮುಹೂರ್ತದ ತಾರೀಖಿನ ಕೆಳಗೆ ಬರೆದು, ಅಲ್ಲಿಂದ ಹಿಂದಿನ ದಿನದ ಸಂಜೆಗೆ ಒಂದು ಓರೆ ಗೆರೆ ಎಳೆಯುತ್ತೇನೆ. ಹದಿನಾಲ್ಕು ವರ್ಷ ಮ್ಯಾನೇಜರಾಗಿ ಕೂತು ನಾನು ಎಳೆದ ಗೆರೆಗಳಲ್ಲಿ ಒಂದೂ ಇನ್ನೊಂದನ್ನು ದಾಟಿರಲಿಲ್ಲ.

ಆ ಡೈರಿಯನ್ನು ನಮ್ಮ ಚಿಕ್ಕ ಯಜಮಾನರು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಛತ್ರ ಕಟ್ಟಿಸಿದವರು ಅವರ ತಂದೆ. ಈಗ ನಾವು ಕಾರು ನಿಲ್ಲಿಸುವ ಜಾಗದಲ್ಲಿ ಆ ಮನೆಯವರು ರಾಗಿ ಬೆಳೆಯುತ್ತಿದ್ದರಂತೆ. ದೊಡ್ಡ ಯಜಮಾನರಿಗೆ ಮಂಡಿನೋವು ಜಾಸ್ತಿಯಾಗಿ ಮನೆಯಲ್ಲೇ ಉಳಿದ ಮೇಲೆ ಮಗ ಆಫೀಸಿಗೆ ಬಂದರು. ಬಂದ ವಾರದಲ್ಲೇ ಬುಕಿಂಗೆಲ್ಲ ಫೋನಿಗೆ ಹೋಯಿತು. "ಅಕ್ಕ, ಯಾವ ಕಾಲ್ದಲ್ಲಿದ್ದೀರಾ? ಡೇಟ್ ಒತ್ತಿ, ಹಸಿರಿದ್ರೆ ಖಾಲಿ, ಕೆಂಪಿದ್ರೆ ಫುಲ್. ಅಷ್ಟೇ," ಅಂದರು. ಹಳೆಯ ಡೈರಿಯ ಬುಕಿಂಗುಗಳನ್ನೆಲ್ಲ ಒಂದು ಮಧ್ಯಾಹ್ನ ತಾವೇ ಕೂತು ಫೋನಿಗೆ ಏರಿಸಿದರು. ತಾರೀಖುಗಳು ಹೋದವು. ಓರೆ ಗೆರೆಗಳು ಡೈರಿಯಲ್ಲೇ ಉಳಿದವು.

ಇದು ನನಗೆ ತಕ್ಷಣ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನಗೆ ಬಂದ ಸಿಟ್ಟನ್ನು ಹೇಳುವ ಹಕ್ಕು ನನಗಿರುತ್ತದೆ.

ಅಲ್ಲಾಳಸಂದ್ರದಿಂದ ಒಬ್ಬ ತಾಯಿ ಬಂದಿದ್ದರು. ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ಮಗಳ ಮದುವೆ ಶುಕ್ರವಾರ ಗಂಡಿನವರ ಊರಿನ ದೇವಸ್ಥಾನದಲ್ಲಿ ಸರಳವಾಗಿ, ಆರತಕ್ಷತೆ ಮಾತ್ರ ಇಲ್ಲಿ, ಭಾನುವಾರ ಸಂಜೆ. "ನಮ್ ಹೆಣ್ಮಕ್ಳಿಗೆಲ್ಲ ಭಾನುವಾರ ಒಂದೇ ರಜಾ ಮೇಡಂ. ಅದ್ರಲ್ಲೂ ಮಧ್ಯಾಹ್ನದವರ್ಗೂ ಬಟ್ಟೆ ಒಗ್ಯೋದು, ಮಕ್ಳಿಗೆ ಎಣ್ಣೆ ನೀರು. ಸಂಜೆ ಆದ್ರೆ ಎಲ್ರೂ ಬರ್ತಾರೆ," ಅಂದರು. ನಾನು ಫೋನು ಒತ್ತಿದೆ. ಭಾನುವಾರ ಹಸಿರು. ಪಂಚಾಂಗದಲ್ಲಿ ಆ ದಿನ ಮುಹೂರ್ತವಿಲ್ಲ, ಅದಕ್ಕೇ ಖಾಲಿ ಅಂದುಕೊಂಡೆ. ರಸೀದಿಯಲ್ಲಿ ನನ್ನ ಕೈಯಾರೆ ಬರೆದೆ: ಭಾನುವಾರ, ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದು. ಮರುದಿನ ಸೋಮವಾರ ಕೆಂಪಗಿತ್ತು. ಆ ಕೆಂಪಿನ ಹಿಂದಿನ ಸಂಜೆ ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ. ಹದಿನಾಲ್ಕು ವರ್ಷದ ಅಭ್ಯಾಸ ಒಂದು ಹಸಿರು ಚೌಕದ ಮುಂದೆ ಬಾಯಿ ಮುಚ್ಚಿಕೊಂಡು ಕೂತಿತ್ತು.

ಒಂದು ಕಾರ್ಯ ನಿಗದಿಯಾದರೆ ನಾನು ಗೋಡೆಗೆ ಒಂದು ಉದ್ದನೆಯ ಹಾಳೆ ಅಂಟಿಸುತ್ತೇನೆ. ಒಂದೂವರೆ ತಿಂಗಳು ಮುಂಚೆ ಮನೆಯವರು ಬಂದು ಹಾಲ್ ನೋಡುವುದು, ಅಡುಗೆಯ ಪಟ್ಟಿ ಬರೆಸುವುದು. ಮೂರು ವಾರ ಮುಂಚೆ ಡೆಕೋರೇಷನ್‌ನವರು ಸ್ಟೇಜಿನ ಅಳತೆಗೆ ಬರುವುದು. ವಾರ ಮುಂಚೆ ಎಷ್ಟು ಎಲೆ ಅನ್ನುವ ಕೊನೆಯ ಲೆಕ್ಕ. ಅಡುಗೆಯವರು ಅದರ ಮೇಲೆ ದಿನಸಿ ತರುತ್ತಾರೆ, ಆಮೇಲೆ ಕಡಿಮೆ ಮಾಡಿದರೆ ಕೇಳುವುದಿಲ್ಲ. ಮುನ್ನಾದಿನ ಜನರೇಟರ್‌ಗೆ ಡೀಸೆಲ್, ಸಿಲಿಂಡರ್, ನೀರಿನ ಟ್ಯಾಂಕರ್, ಕುರ್ಚಿ ಎಣಿಕೆ. ಮುಗಿದ ಮರುದಿನ ಪಾತ್ರೆ, ಚಾಪೆ, ಬೀಗದ ಕೈ ವಾಪಸ್ ಬಂದದ್ದನ್ನು ತಾಳೆ ನೋಡಿ, ಮನೆಯವರ ಸಹಿ ಹಾಕಿಸಿ ಹಾಳೆ ಮುಚ್ಚುವುದು. ಆ ತಾಯಿಯ ಹಾಳೆಯಲ್ಲಿ ಮೊದಲ ಸಾಲುಗಳಿಗೆಲ್ಲ ಗುರುತು ಬಿದ್ದಿತ್ತು. ಬಿಸಿಬೇಳೆಬಾತ್ ಬೇಡ, ವೆಜಿಟೇಬಲ್ ಪಲಾವ್ ಇರಲಿ. ಹೋಳಿಗೆ ಮಾತ್ರ ಕಾಯಿ ಹೋಳಿಗೆಯೇ ಆಗಬೇಕು. ಯಾಕೆಂದರೆ ಮಗಳಿಗೆ ಇಷ್ಟ.

ಸರಿಯಾಗಿ ಮೂರು ವಾರ ಮುಂಚೆ ಡೆಕೋರೇಷನ್‌ನವನು ಟೇಪ್ ಹಿಡಿದು ಬಂದ. ಅವನು ಬಂದದ್ದು ಸೋಮವಾರದ ಮದುವೆಗೆ. ತಣಿಸಂದ್ರದಲ್ಲಿ ಅಪಾರ್ಟ್‌ಮೆಂಟು ಕಟ್ಟಿಸುವವರೊಬ್ಬರ ಮಗಳ ಮದುವೆ.

"ಮೇಡಂ, ಭಾನುವಾರ ಬೆಳಿಗ್ಗೇನೇ ಎಂಟ್ರಿ ಕೊಡ್ತೀರಲ್ವಾ? ಸಂಜೆ ಏಳಕ್ಕೆ ರಿಸೆಪ್ಷನ್. ಬ್ಯಾಕ್‌ಡ್ರಾಪ್‌ಗೇ ಆರು ಗಂಟೆ ಬೇಕು," ಅಂದ.

ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟೆ. ಸಂಜೆ ಏಳಕ್ಕೆ ಇಬ್ಬರು ಮದುವಣಗಿತ್ತಿಯರು, ಒಂದೇ ಸ್ಟೇಜು.

ಚಿಕ್ಕ ಯಜಮಾನರ ಹತ್ತಿರ ಹೋಗಿ ಹೇಳಿದೆ. ಬೀರು ತೆಗೆಸಿ, ಡೈರಿಯ ಗೆರೆ ತೋರಿಸಿದೆ. ಅವರು ಡೈರಿ ಮುಚ್ಚಿ, "ಅಯ್ಯೋ, ಇದೇನ್ ದೊಡ್ ವಿಷ್ಯ ಅಲ್ಲ ಬಿಡಿ. ಆ ಗಾರ್ಮೆಂಟ್ಸ್‌ನವ್ರನ್ನ ಮಧ್ಯಾಹ್ನಕ್ಕೆ ಶಿಫ್ಟ್ ಮಾಡಿ. ಬೆಳಿಗ್ಗೆಯಿಂದ ಮೂರರವರೆಗೂ ಹಾಲ್ ಖಾಲಿನೇ ತಾನೆ," ಅಂದರು.

"ಅವ್ರು ಕಾರ್ಡ್ ಹಂಚಿಬಿಟ್ಟಿದ್ದಾರೆ ಸರ್. ಸಂಜೆ ಆರೂವರೆ ಅಂತ ಅಚ್ಚಾಗಿದೆ."

"ಅದಕ್ಕೇ ಹೇಳ್ತಿರೋದು. ಆ ರಸೀದಿ ಒಂಚೂರು ತರಿಸ್ಕೊಳ್ಳಿ. ಏನೋ ಸ್ಟಾಂಪ್ ಹಾಕ್ಬೇಕು ಅನ್ನಿ. ಹೊಸದು ಬರ್ದುಕೊಡಿ, ಬೆಳಿಗ್ಗೆಯಿಂದ ಮೂರು ಅಂತ. ಆಮೇಲೆ ಅವ್ರೇ ತಪ್ಪಾಗಿ ಅಚ್ಚು ಹಾಕಿಸಿದ್ದಾರೆ ಅಂತ ಆಗುತ್ತೆ. ಯಾರ್ ಕೇಳ್ತಾರೆ?"

ಹೀಗೆ ಹೇಳುವಾಗ ಅವರ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಉರಿಸುತ್ತದೆ. ತಪ್ಪು ಮಾಡುವುದು ಮನುಷ್ಯರಿಗೆ ಸಹಜ, ನಾನೂ ಮಾಡಿದೆ. ಆದರೆ ನಮ್ಮ ತಪ್ಪನ್ನು ಎತ್ತಿ, ಹತ್ತು ಗಂಟೆ ನಿಂತು ಕೆಲಸ ಮಾಡಿ ಮಗಳ ಮದುವೆ ಮಾಡುವ ಹೆಂಗಸಿನ ತಲೆಗೆ ಕಟ್ಟುವುದು? ಅದೂ ನನ್ನ ಅಕ್ಷರದಲ್ಲಿ?

"ತಣಿಸಂದ್ರದವರನ್ನ ಒಂದ್ ಮಾತ್ ಕೇಳೋಣ ಸರ್," ಅಂದೆ.

"ಹುಚ್ಚಾ ನಿಮ್ಗೆ? ಅವ್ರ ಹತ್ರ ಇದನ್ನ ಬಾಯಿ ಬಿಟ್ರೆ ನಮ್ ಮಾನ ಹೋಗುತ್ತೆ. ಅವ್ರಿಗೆ ಇದರ ಗಾಳಿನೂ ತಗಲಬಾರ್ದು."

ರಸೀದಿ ನಾನು ತರಿಸಿಕೊಳ್ಳಲಿಲ್ಲ. ಅವತ್ತೇ ಸಂಜೆ ಬಸ್ಸು ಹತ್ತಿ ಅಲ್ಲಾಳಸಂದ್ರಕ್ಕೆ ಹೋದೆ. ಕೆರೆಯ ಹಿಂಭಾಗದ ಒಂದು ಮಹಡಿ ಮನೆ. ಮೆಟ್ಟಿಲ ಮೇಲೆಲ್ಲ ಒಣಗಲು ಹಾಕಿದ ಸಂಡಿಗೆ. ತಾಯಿ ಇನ್ನೂ ಕಾರ್ಖಾನೆಯ ಐಡಿ ಕಾರ್ಡನ್ನು ಕೊರಳಿನಿಂದ ತೆಗೆದಿರಲಿಲ್ಲ. ನಾನು ಸುತ್ತಿಬಳಸಲಿಲ್ಲ. ನಮ್ಮ ಕಡೆಯಿಂದ ತಪ್ಪಾಗಿದೆ, ಒಂದೇ ಸಂಜೆ ಇಬ್ಬರಿಗೆ ಕೊಟ್ಟಿದ್ದೇವೆ, ಅವರದು ಮೊದಲು ಬರೆದದ್ದು, ನಿಮ್ಮದು ಆಮೇಲೆ, ಎರಡೂ ಬರೆದವಳು ನಾನೇ ಅಂದೆ.

ಆಕೆ ಕಾರ್ಡನ್ನು ಕೊರಳಿನಿಂದ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ಅಲ್ಲ ಮೇಡಂ, ನಾನ್ ಲೈನಲ್ಲಿ ಒಂದ್ ಕಾಲರ್ ತಿರುವುಮುರುವು ಹೊಲ್ಸಿದ್ರೆ ಇಡೀ ಬಂಡಲ್ ನಾನೇ ಬಿಚ್ಚಿ ಕೂರ್ಬೇಕು. ನೀವ್ ತಪ್ ಮಾಡಿದ್ರೆ ಬಿಚ್ಚೋದೂ ನಾನೇನಾ?" ಅಂದರು.

ಆ ಮುಹೂರ್ತದ ಹಂಗಾಮಿನಲ್ಲಿ ಬೇರೆ ಛತ್ರ ಸಿಗುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ನಾನು ಬರುವ ಮುಂಚೆ ಯಶವಂತಪುರದಿಂದ ಹೆಬ್ಬಾಳದವರೆಗೆ ಗೊತ್ತಿದ್ದ ಮ್ಯಾನೇಜರುಗಳಿಗೆಲ್ಲ ಫೋನು ಮಾಡಿ ಕೇಳಿದ್ದೆ. ಒಂದೂ ಇಲ್ಲ.

ಕೊನೆಗೆ ಅವರೇ ಹೇಳಿದರು: "ಆಯ್ತು, ಮಧ್ಯಾಹ್ನ ಮಾಡ್ತೀನಿ. ಫೋನ್ ಮಾಡಿ ಎಲ್ರಿಗೂ ಹೇಳ್ತೀನಿ. ಆದ್ರೆ ನಾಕ್ ಜನಕ್ಕೆ ಸುದ್ದಿ ಮುಟ್ಟಲ್ಲ. ಫೋನ್ ಬದಲಾಯ್ಸಿರ್ತಾರೆ, ಊರಿಗ್ ಹೋಗಿರ್ತಾರೆ. ಹಳೇ ಕಾರ್ಡ್ ಹಿಡ್ಕೊಂಡು ಸಂಜೆ ಯಾರಾದ್ರೂ ಬಂದ್ರೆ ಗೇಟಲ್ಲಿ ವಾಪಸ್ ಕಳಿಸ್ಬಾರ್ದು. ಕೂರ್ಸಿ ಊಟ ಹಾಕ್ಬೇಕು. ಅದ್ ಮಾತ್ರ ಬರ್ಕೊಡಿ."

ಬರೆದುಕೊಟ್ಟೆ. ಎಲೆಯ ಲೆಕ್ಕದಲ್ಲಿ ಐವತ್ತನ್ನು ಸಂಜೆಗೆ ಎತ್ತಿಟ್ಟೆ. ಎರಡು ಕಾರ್ಯಕ್ಕೂ ಅಡುಗೆ ನಮ್ಮ ಛತ್ರದ ಕಂಟ್ರಾಕ್ಟರ್‌ದೇ ಆದ್ದರಿಂದ ಅದು ಕಷ್ಟವಾಗಲಿಲ್ಲ. "ಸಂಜೆದನ್ನ ಸಂಜೆನೇ ಬಿಸಿಯಾಗಿ ಮಾಡ್ತೀನಿ ಅಕ್ಕ, ಮಧ್ಯಾಹ್ನದ್ದು ಇಟ್ಟುಕೊಡಲ್ಲ," ಅಂದರು ಅವರು. ಜಾಗಕ್ಕೆ ಮೇಲಿನ ಚಿಕ್ಕ ಊಟದ ಹಾಲ್ ಗೊತ್ತು ಮಾಡಿದೆ. ಚಿಕ್ಕ ಯಜಮಾನರು ಹಾಳೆ ನೋಡಿ, "ಹೂಂ ಹೂಂ, ಮಾಡ್ಕೊಳ್ಳಿ," ಅಂತ ಸಹಿಯನ್ನೂ ಹಾಕಿದರು.

ಭಾನುವಾರ ಬಂತು. ಹನ್ನೊಂದಕ್ಕೆ ಆರತಕ್ಷತೆ ಶುರು. ಮದುಮಗಳು ಕೆಂಪು ಅಂಚಿನ ಹಸಿರು ಸೀರೆ ಉಟ್ಟಿದ್ದಳು. ರವಿಕೆಯ ಕೆಲಸವೆಲ್ಲ ತಾಯಿಯ ಲೈನಿನ ಹೆಂಗಸರೇ ಮಾಡಿದ್ದಂತೆ. ಅದನ್ನು ಸ್ಟೇಜಿನ ಮೇಲೆ ಬಂದವರೆಲ್ಲ ತಿರುಗಿಸಿ ನೋಡುತ್ತಿದ್ದರು. "ಏಯ್, ಈ ತೋಳು ನನ್ ಕೈದು ಕಣೇ!" "ಅದ್ಕೇ ಸ್ವಲ್ಪ ಸೊಟ್ಟಗದೆ!" ಅಂತ ನಗು. ಬಟ್ಟೆ ಒಗೆಯುವುದನ್ನು ಅರ್ಧಕ್ಕೇ ಬಿಟ್ಟು ಬಂದವರ ಕೂದಲು ಇನ್ನೂ ಒದ್ದೆಯಿತ್ತು. ಎರಡನೆಯ ಪಂಕ್ತಿ ಎದ್ದು ಮೂರನೆಯದು ಕೂತಿತ್ತು, ಕಾಯಿ ಹೋಳಿಗೆ ಬಡಿಸುತ್ತಿದ್ದರು. ಗಂಟೆ ಒಂದೂವರೆ.

ಆಗ ಹಾಲಿನ ಹಿಂಬಾಗಿಲಿನಿಂದ ಕಬ್ಬಿಣದ ಫ್ರೇಮು ಹೊತ್ತುಕೊಂಡು ಆರು ಜನ ಒಳಗೆ ಬಂದರು. ಮುಂದೆ ಆ ಡೆಕೋರೇಷನ್‌ನವನು. ನೇರ ಸ್ಟೇಜಿಗೆ ಹತ್ತಿ, ಹಿಂದಿನ ಚೆಂಡುಹೂವಿನ ತೋರಣದ ದಾರಕ್ಕೆ ಕತ್ತರಿ ಹಾಕಿದ. ಮದುಮಗಳ ಹೆಸರಿನ ಥರ್ಮೋಕೋಲ್ ಅಕ್ಷರಗಳಲ್ಲಿ ಎರಡು ಅವಳ ಕಾಲ ಬಳಿ ಬಿದ್ದವು. ಫೋಟೋದವನು ಕ್ಯಾಮೆರಾ ಇಳಿಸಿದ. ಸಾಲಿನಲ್ಲಿ ಉಡುಗೊರೆ ಹಿಡಿದು ನಿಂತವರು ಮುಂದೆ ಹೋಗುವುದೋ ಇಳಿಯುವುದೋ ಗೊತ್ತಾಗದೆ ನಿಂತರು.

ನಾನು ಸ್ಟೇಜು ಹತ್ತಿದವಳೇ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ಕೂಗಿದೆ. "ಕತ್ತರಿ ಕೆಳಗಿಡಪ್ಪಾ! ಮೂರು ಗಂಟೆ ಅಂತ ನಿಂಗೆ ಬರ್ದು ಕೊಟ್ಟಿದ್ದೀನೋ ಇಲ್ವೋ?"

"ಸರ್ರೇ ಫೋನ್ ಮಾಡಿದ್ರು ಮೇಡಂ, ಒಳಗೆ ಹೋಗಿ ಶುರು ಮಾಡ್ಕೊಳ್ಳಿ, ಅವ್ರದ್ದು ಮುಗೀತಾ ಬಂತು ಅಂತ."

"ಮುಗೀತಾ ಬಂದಿರೋದು ಇದಾ? ಮದುಮಗಳು ನಿಂತಿರೋದು ಕಾಣಲ್ವಾ?"

ಅವನಿಗೂ ನಾಚಿಕೆಯಾಯಿತು ಅನ್ನಿಸುತ್ತದೆ. ಬಿದ್ದ ಅಕ್ಷರಗಳನ್ನು ತಾನೇ ಎತ್ತಿ ಅಂಟಿಸಿ, ಫ್ರೇಮುಗಳನ್ನು ಹೊರಗೆ ಸಾಗಿಸಿದ. ಎರಡು ಗಂಟೆ ಐವತ್ತಕ್ಕೆ ಆ ತಾಯಿಯ ಮನೆಯವರು ತಾವಾಗಿಯೇ ಖಾಲಿ ಮಾಡಿದರು. ಮೂರಕ್ಕೆ ಹತ್ತು ನಿಮಿಷ ಮುಂಚೆ! ಛತ್ರ ಬಿಡಲೊಲ್ಲದೆ ಸಂಜೆ ಐದರವರೆಗೆ ನನ್ನ ಜೊತೆ ಜಗಳವಾಡಿದವರನ್ನು ಎಷ್ಟು ಮಂದಿ ನೋಡಿಲ್ಲ ನಾನು. ಕತ್ತಲಾಗುವ ಮುಂಚೆ ಮನೆ ತುಂಬಿಸಿಕೊಳ್ಳಬೇಕೆಂದು ಮದುಮಗಳನ್ನು ಗಂಡಿನವರು ತಮ್ಮ ಊರಿಗೆ ಕರೆದುಕೊಂಡು ಹೋದರು.

ಸಂಜೆ ಆರೂ ನಲವತ್ತು. ತಣಿಸಂದ್ರದವರ ಆರತಕ್ಷತೆಗೆ ಕಾರುಗಳು ಬರತೊಡಗಿದ್ದವು. ಗೇಟಿನಲ್ಲಿ ಗದ್ದಲ ಕೇಳಿ ಹೊರಗೆ ಹೋದೆ. ಹದಿನಾರು ಜನ ಹೆಂಗಸರು. ಹೂ ಮುಡಿದು, ಒಳ್ಳೆಯ ಸೀರೆ ಉಟ್ಟು, ಒಬ್ಬೊಬ್ಬರ ಕೈಯಲ್ಲೂ ಹಳೆಯ ಕಾರ್ಡು. ಇಬ್ಬರು ಸೇರಿ ಒಂದು ದೊಡ್ಡ ಕುಕ್ಕರಿನ ಡಬ್ಬಿ ಹಿಡಿದಿದ್ದರು. ಹತ್ತಿರದ ಬೇರೆ ಘಟಕಕ್ಕೆ ವರ್ಗವಾಗಿ ಹೋದವರಂತೆ, ಸುದ್ದಿ ಮುಟ್ಟಿರಲಿಲ್ಲ. ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದಿದ್ದ. ಪಕ್ಕದಲ್ಲಿ ಚಿಕ್ಕ ಯಜಮಾನರು ರೇಷ್ಮೆ ಪಂಚೆ ಉಟ್ಟು ನಿಂತಿದ್ದರು.

"ಅಕ್ಕ, ಇವ್ರನ್ನ ಕಳ್ಸಿ. ದೊಡ್ ದೊಡ್ ಜನ ಬರೋ ಹೊತ್ತು."

"ಇವ್ರಿಗೆ ಐವತ್ತು ಎಲೆ ಇದೆ ಸರ್. ನೀವೇ ಸಹಿ ಹಾಕಿದ್ದೀರಾ. ಮೇಲಿನ ಹಾಲಲ್ಲಿ ಕೂರಿಸ್ತೀನಿ."

"ಮೇಲಿನ ಹಾಲ್‌ನ ಡೆಕೋರೇಷನ್‌ನವ್ರ ಸಾಮಾನಿಗೆ ಕೊಟ್ಟಿದ್ದೀನಿ. ಪೊಟ್ಟಣ ಕಟ್ಟಿಸಿ ಕೊಟ್ಟು ಕಳ್ಸಿ, ಸಾಕು."

ಪೊಟ್ಟಣ! ಮದುವೆಗೆ ಕರೆದವರನ್ನು ಗೇಟಿನಲ್ಲಿ ನಿಲ್ಲಿಸಿ ಪೊಟ್ಟಣ ಕೊಡುವುದು ಯಾವ ಊರಿನ ಮರ್ಯಾದೆ? ಕುಕ್ಕರ್ ಹಿಡಿದವರಲ್ಲಿ ಒಬ್ಬರು, "ಬಾರೇ ಹೋಗಣ, ನಾವೇ ದಿನ ತಪ್ಪಿ ಬಂದಿರ್ಬೇಕು," ಅಂದರು. ಚಿಕ್ಕ ಯಜಮಾನರು ರಸೀದಿ ತಿದ್ದಿ ಏನನ್ನು ನಂಬಿಸಲು ಹೊರಟಿದ್ದರೋ ಅದನ್ನು ಇವರು ತಾವಾಗಿಯೇ ನಂಬುತ್ತಿದ್ದರು.

"ನಿಮ್ ತಪ್ಪಲ್ಲ ಅಮ್ಮ, ನಮ್ದು," ಅಂತ ನಾನು ಜೋರಾಗಿಯೇ ಹೇಳಿದೆ. "ನೀವು ಸರಿಯಾದ ದಿನಕ್ಕೆ, ಸರಿಯಾದ ಹೊತ್ತಿಗೇ ಬಂದಿದ್ದೀರಾ."

ಅಷ್ಟರಲ್ಲಿ ಅತಿಥಿಗಳನ್ನು ಎದುರುಗೊಳ್ಳಲು ಬಾಗಿಲಲ್ಲಿದ್ದ ಮದುಮಗಳ ತಂದೆ, ಆ ತಣಿಸಂದ್ರದವರು, ಮೆಟ್ಟಿಲಿಳಿದು ಬಂದರು. ತಮ್ಮ ಕಡೆಯವರೇ ಯಾರೋ ನಿಂತಿದ್ದಾರೆ ಅಂದುಕೊಂಡಿದ್ದರು. "ಯಾಕ್ರೀ ನಿಲ್ಸಿದ್ದೀರಾ ಇವ್ರನ್ನ?" ನಾನು ಯಾರ ಮುಖವನ್ನೂ ನೋಡದೆ, ಡೈರಿಯಿಂದ ಪೊಟ್ಟಣದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅವರು ಚಿಕ್ಕ ಯಜಮಾನರ ಕಡೆ ತಿರುಗಿದರು. "ಮೂರ್ ವಾರದಿಂದ ಗೊತ್ತಾ ನಿಮ್ಗೆ? ನಂಗೊಂದ್ ಮಾತು ಹೇಳಿದ್ರೆ ನಮ್ದು ಎಂಟೂವರೆಗೆ ಇಟ್ಕೋತಿದ್ದೆ, ಹೂವಿನ ಅಲಂಕಾರ ಇಬ್ರಿಗೂ ಒಂದೇ ಮಾಡ್ಸ್‌ಬೋದಿತ್ತು. ಈಗ ನನ್ ಮಗಳ್ ಮದ್ವೆ ದಿನ ಗೇಟಿಂದ ಜನ ಹಸ್ಕೊಂಡ್ ಹೋಗ್ಬೇಕಾ?" ಆಮೇಲೆ ಹೆಂಗಸರಿಗೆ ಕೈ ಮುಗಿದು, "ಬನ್ರಮ್ಮ, ನಮ್ ಪಂಕ್ತೀಲೇ ಕೂತ್ಕೊಳ್ಳಿ," ಅಂದರು.

ಹದಿನಾರು ಜನವೂ ಮೊದಲ ಪಂಕ್ತಿಯಲ್ಲಿ ಕೂತರು. ಅವರಿಗಾಗಿ ಮಾಡಿಸಿದ್ದ ಕಾಯಿ ಹೋಳಿಗೆಯನ್ನು ಅಡುಗೆಯವರು ತಾವೇ ತಂದು ಬಡಿಸಿದರು. ಕೇಳಿದವರೆಲ್ಲ ಒಳ್ಳೆಯದಾಯಿತಲ್ಲ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಹಕ್ಕಿನಿಂದ ಉಣ್ಣಬೇಕಾದ ಊಟವನ್ನು ಅವರು ಒಬ್ಬರ ದೊಡ್ಡಮನಸ್ಸಿನಿಂದ ಉಂಡರು. ಊಟವಾದ ಮೇಲೆ ಯಾರದೋ ಮನೆಯ ಮದುಮಗಳು ನಿಂತ ಸ್ಟೇಜಿನ ಕಡೆ ಒಮ್ಮೆ ನೋಡಿ, ಕುಕ್ಕರನ್ನು ನನ್ನ ಆಫೀಸಿನಲ್ಲಿಟ್ಟು, "ಅವ್ರಮ್ಮಂಗೆ ಕೊಟ್ಬಿಡಿ," ಅಂತ ಹೋದರು.

ಸೋಮವಾರ ತಣಿಸಂದ್ರದವರ ಧಾರೆ ಮುಗಿದು, ಮೂರಕ್ಕೆ ಹಾಲ್ ಖಾಲಿಯಾಯಿತು. ನೆಲ ತೊಳೆಯುವವರು ನೀರು ಹೊಯ್ಯುತ್ತಿದ್ದರು. ಹಸಿ ಕಸದ ಗಾಡಿ ಬಂದು ಎಲೆಗಳನ್ನು ತುಂಬಿಕೊಳ್ಳುತ್ತಿತ್ತು. ನಾಲ್ಕರ ಹೊತ್ತಿಗೆ ಆ ತಾಯಿ ಅರ್ಧ ದಿನ ರಜೆ ಹಾಕಿ ಬಂದರು. ಅವರ ಹಾಳೆ ಮುಚ್ಚಬೇಕಿತ್ತು. ಪಾತ್ರೆ ಸರಿ, ಚಾಪೆ ಸರಿ, ಎರಡು ಬೀಗದ ಕೈ ಸರಿ. ಕೊನೆಯ ಸಾಲಿನಲ್ಲಿ, ಸಮಯ ಬದಲಾವಣೆಗೆ ಕಾರಣ ಅನ್ನುವ ಕಡೆ, ಚಿಕ್ಕ ಯಜಮಾನರು ಆಗಲೇ ಕಂಪ್ಯೂಟರಿನಲ್ಲಿ ಅಚ್ಚು ಮಾಡಿಸಿ ಅಂಟಿಸಿಟ್ಟಿದ್ದರು: ಗ್ರಾಹಕರ ಕೋರಿಕೆಯ ಮೇರೆಗೆ.

ತಾಯಿ ಅದನ್ನು ಓದಿದರು. ಕುಕ್ಕರಿನ ಡಬ್ಬಿಯ ಮೇಲೆ ಕೈಯಿಟ್ಟು, "ಊಟ ಹಾಕಿದ್ರಂತೆ, ಗೊತ್ತಾಯ್ತು. ನಿಮ್ಗೆ ಒಳ್ಳೇದಾಗ್ಲಿ. ಆದ್ರೆ ಆ ಹದ್ನಾರು ಜನ ನನ್ ಮಗಳನ್ನ ನೋಡ್ಲೇ ಇಲ್ವಲ್ಲ ಅಕ್ಕ. ನಾನ್ ಯಾವಾಗ ಕೋರ್ಕೊಂಡೆ?" ಅಂದರು. ಮೇಡಂ ಹೋಗಿ ಅಕ್ಕ ಆಗಿದ್ದೆ ನಾನು. ಅದಕ್ಕೆ ಯೋಗ್ಯಳೆಂದು ಅನ್ನಿಸಲಿಲ್ಲ.

ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಬರೆದೆ: ಛತ್ರದ ತಪ್ಪಿನಿಂದ. ಒಂದೇ ಸಂಜೆಯನ್ನು ಇಬ್ಬರಿಗೆ ಕೊಡಲಾಗಿತ್ತು. ಕೆಳಗೆ ನನ್ನ ಸಹಿ. ಅದರ ಪಕ್ಕದಲ್ಲಿ ಅವರು ಸಹಿ ಹಾಕಿದರು, ಬಿಡಿಬಿಡಿಯಾದ ಗುಂಡನೆಯ ಅಕ್ಷರಗಳಲ್ಲಿ, ಸಮಯ ತೆಗೆದುಕೊಂಡು.

ಆ ಹಾಳೆಯನ್ನು ಮಗನಿಗೆ ಕೊಡದೆ ದೊಡ್ಡ ಯಜಮಾನರ ಮನೆಗೇ ತೆಗೆದುಕೊಂಡು ಹೋದೆ. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೂತಿದ್ದವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಇಂಗಾ ಮಾಡವ್ನೆ?" ಅಂದರು. ಮತ್ತೆ ಹಾಳೆ ಮಡಿಸುತ್ತಾ, "ಆ ಡೈರಿ ಎಲ್ಲವ್ವಾ ಅದೆ?"

"ಬೀರುವಿನಲ್ಲಿ. ಬೀಗ ನಿಮ್ ಮಗನ ಹತ್ರ."

ಅವರು ಮಗನನ್ನು ಕೂಗಿ ಕರೆದರು. ಆ ಮಾತುಕತೆಗೆ ನಾನು ನಿಲ್ಲಲಿಲ್ಲ, ಕೇಳುವ ಆಸೆಯೂ ಇರಲಿಲ್ಲ. ಬೆಳಿಗ್ಗೆ ಹೋದಾಗ ಡೈರಿ ನನ್ನ ಮೇಜಿನ ಮೇಲಿತ್ತು. ಫೋನೂ ಇದೆ, ಈಗಲೂ. ಹಸಿರಿದ್ದರೂ ಸರಿ, ಗೆರೆ ನೋಡದೆ ನಾನು ರಸೀದಿ ಬರೆಯುವುದಿಲ್ಲ. ಚಿಕ್ಕ ಯಜಮಾನರು ನನ್ನೊಂದಿಗೆ ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ಆ ತಾಯಿಯ ಬಳಿ ಹೋಗಿ ಒಂದು ಮಾತು ತಪ್ಪಾಯಿತು ಅಂದಿಲ್ಲ. ಅಂದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೂ ಇರಲಿಲ್ಲವೇನೋ.